ಬಿಲ್ಲಿನ ತೂಕ, ಕಿವಿಯ ತೂಕ

ತಂಗಿಯ ಮಗಳ ಮದುವೆಗೆ ಕೊಂಡ ಜುಮಕಿಯ ಬಿಲ್ಲು ಇನ್ನೂ ನನ್ನ ಪರ್ಸಿನಲ್ಲಿದೆ. ನಿವ್ವಳ ತೂಕ 26 ಗ್ರಾಂ. ಅಂಗಡಿಯಲ್ಲಿ ನಾವೆಲ್ಲ ಕೂತು ಚೌಕಾಸಿ ಮಾಡಿದ್ದು ಈ ಅಂಕಿಯ ಮೇಲೆ, ಚಿನ್ನದ ದರ ಹಾಕುವುದು ಇದಕ್ಕೇ ತಾನೆ. ಪಕ್ಕದ ಕಲಮಿನಲ್ಲಿ ಒಟ್ಟು ತೂಕ 34 ಗ್ರಾಂ ಎಂದಿತ್ತು. ಕೆಂಪು ಕಲ್ಲು, ಅಂಚಿನ ಮುತ್ತು ಎಲ್ಲ ಸೇರಿದ್ದು. ಅದರ ಕಡೆ ಯಾರೂ ಕಣ್ಣು ಹಾಯಿಸಲಿಲ್ಲ. ಕಿವಿ ಹೊರುವುದು ಮಾತ್ರ ಅದನ್ನೇ: ಒಂದೊಂದು ಕಿವಿಗೆ 17 ಗ್ರಾಂ. ಹತ್ತು ರೂಪಾಯಿಯ ಎರಡು ನಾಣ್ಯ ಕಟ್ಟಿ ನೇತುಹಾಕಿದರೂ ಅಷ್ಟಾಗುವುದಿಲ್ಲ.

ಮುಹೂರ್ತ ಬೆಳಿಗ್ಗೆ, ಆರತಕ್ಷತೆ ಸಂಜೆ. ರಾತ್ರಿ ಓಲೆ ಬಿಚ್ಚುವಾಗ ಹುಡುಗಿ ಹಲ್ಲು ಕಚ್ಚಿದಳು. ದೀಪ ಹಿಡಿದು ನೋಡಿದರೆ, ಚುಕ್ಕೆಯಂತಿದ್ದ ತೂತು ಕೆಳಕ್ಕೆ ಎಳೆದು ಸಣ್ಣ ಗೀರಿನಂತಾಗಿತ್ತು. ಕಿವಿಹಾಲೆಯಲ್ಲಿ ಮೂಳೆ ಇರಲಿ, ಮೃದ್ವಸ್ಥಿಯೂ ಇಲ್ಲ; ಬರೀ ಚರ್ಮ, ಕೊಬ್ಬು, ಒಂದಿಷ್ಟು ನಾರು. ಎಳೆದ ಕಡೆಗೆ ಬರುತ್ತದೆ.

"ತಿರುಪು ಬೇಡ, ಕೊಕ್ಕೆ ಹಾಕಿಸಿಬಿಡೋಣ ದೊಡ್ಡಮ್ಮ, ಆರಾಮಾಗಿರತ್ತೆ" ಅಂದಳು. ಕೊಕ್ಕೆ ಹಾಕಿಕೊಳ್ಳಲು ಸಲೀಸು, ನಿಜ. ಆದರೆ ಕೊಕ್ಕೆಯಲ್ಲಿ ಇಡೀ ಭಾರ ಕೂರುವುದು ತೂತಿನ ಕೆಳದಂಡೆಯ ಮೇಲೆ, ಸಣ್ಣ ತಂತಿಯ ದಪ್ಪದಷ್ಟು ಜಾಗದಲ್ಲಿ. ತಂತಿ ಸಣ್ಣದಾದಷ್ಟೂ ದಾರದಿಂದ ಬೆಣ್ಣೆ ಕೊಯ್ದ ಹಾಗೆ. ಸಾಲದ್ದಕ್ಕೆ 22 ಕ್ಯಾರೆಟ್ ಚಿನ್ನ ಮೆದು. ಭಾರಕ್ಕೆ ಕೊಕ್ಕೆ ಬಾಯಿ ಬಿಟ್ಟರೆ ಜುಮಕಿಯೇ ಕಳೆದುಹೋದೀತು. ಕಿವಿಗೆ ಐದು ಗ್ರಾಂ ದಾಟಿದರೆ ನಾನಂತೂ ಕೊಕ್ಕೆ ಒಪ್ಪುವುದಿಲ್ಲ.

ಹಾಗಾದರೆ ತಿರುಪಿದ್ದ ನಮ್ಮ ಜುಮಕಿಯೇಕೆ ಎಳೆಯಿತು? ಅದನ್ನು ನಮ್ಮ ಆಚಾರ್ರ ಮುಂದೆ ಇಟ್ಟೆ. ಅವರು ಮುಂಭಾಗವನ್ನು ನೋಡಲೇ ಇಲ್ಲ, ಬೋರಲು ಹಾಕಿ ಬೆನ್ನು ನೋಡಿದರು. "ಕಡ್ಡಿ ಎಲ್ಲಿ ಬೆಸೆದಿದಾರೆ ನೋಡಿ ಅಮ್ಮಾ. ನಟ್ಟನಡುವಿಗಿಂತಲೂ ಕೆಳಗೆ."

ಜುಮಕಿಯ ಭಾರ ನೇತಾಡುವುದು ಕಿವಿಯ ಮುಂದೆ. ಆದ್ದರಿಂದ ಓಲೆಯ ತಲೆ ಮುಂದಕ್ಕೆ ಬಾಗುತ್ತದೆ, ಕಡ್ಡಿಯ ಹಿಂತುದಿ ಮೇಲೇಳುತ್ತದೆ. ಕಡ್ಡಿಯನ್ನು ಓಲೆಯ ಮೇಲುಭಾಗದಲ್ಲಿ ಬೆಸೆದಿದ್ದರೆ ಕೆಳಗಿನ ಅಗಲವೆಲ್ಲ ಕಿವಿಗೆ ಒತ್ತಿ ನಿಂತು ಆ ಬಾಗನ್ನು ತಡೆಯುತ್ತದೆ. ಕೆಳಗೆ ಬೆಸೆದರೆ ಒರಗಲು ಜಾಗವೇ ಇಲ್ಲ. ಓಲೆ ಮುಗ್ಗರಿಸಿ ನೆಲ ನೋಡುತ್ತದೆ, ಕಡ್ಡಿ ತೂತನ್ನು ಸೀಳುತ್ತದೆ. ಹಿಂದಿನ ತಿರುಪು ಹುರಿಗಡಲೆಯಷ್ಟು ಚಿಕ್ಕದಾಗಿದ್ದರಂತೂ ಅದೂ ತೂತಿನತ್ತ ನುಗ್ಗುತ್ತದೆ. ಶೋಕೇಸಿನಲ್ಲಿ ಮಲಗಿಸಿಟ್ಟ ಓಲೆಯಲ್ಲಿ ಇದೊಂದೂ ಕಾಣದು.

ಆಚಾರ್ರು ಕಡ್ಡಿಯನ್ನು ಕಿತ್ತು ಮೇಲಕ್ಕೆ ಬೆಸೆದರು, ಒಂದು ಮಿಲಿಮೀಟರಿನಷ್ಟು ದಪ್ಪದ್ದು. ತಿರುಪಿಗೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ಬಿಲ್ಲೆ ಕೂರಿಸಿದರು. ಜುಮಕಿಯ ಬಳೆ ಓಲೆಯ ಕೆಳಗಂಚಿನಲ್ಲಿತ್ತು. ಅದನ್ನು ಬಿಡಿಸಿ ಓಲೆಗೂ ಕಿವಿಗೂ ನಡುವೆ ಕಡ್ಡಿಗೇ ಪೋಣಿಸುವಂತೆ ಮಾಡಿದರು. ಭಾರ ಕಿವಿಗೆ ಹತ್ತಿರವಾದಷ್ಟೂ ಬಾಗು ಕಡಿಮೆ. ಊಟದ ಹೊತ್ತಿಗೆ ಜುಮಕಿ ಕಳಚಿಟ್ಟು ಬರೀ ಓಲೆಯಲ್ಲಿರಬಹುದು ಎಂಬ ಅನುಕೂಲ ಬೇರೆ.

ಇನ್ನು ಮಾಟಿ. ಈಚೆಗೆ ಅದನ್ನು ಅಂದಕ್ಕೆಂದು ಇಳಿಬಿಡುತ್ತಾರೆ. ಸಡಿಲವಾದ ಮಾಟಿ ಭಾರ ಇಳಿಸುವುದಿರಲಿ, ತನ್ನ ಮೂರು ನಾಲ್ಕು ಗ್ರಾಮನ್ನೂ ಕಿವಿಯ ಮೇಲೇ ಹೇರುತ್ತದೆ. ಕಿವಿಯ ಮೇಲಿನ ಕೂದಲಿಗೆ ಪಿನ್ನು ಭದ್ರವಾಗಿ ಸಿಕ್ಕಿಸಿ, ಜುಮಕಿ ಕೂದಲೆಳೆಯಷ್ಟು ಮೇಲೇಳುವಂತೆ ಬಿಗಿದರೆ ಮಾತ್ರ ಅದು ಕೆಲಸಕ್ಕೆ ಬಂದಂತೆ. ಕನ್ನಡಿಯಲ್ಲಿ ಪರೀಕ್ಷೆ ಸುಲಭ: ಮಾಟಿ ಹಾಕಿದ ಮೇಲೆ ಓಲೆ ತಲೆ ಎತ್ತಿತೇ? ಇಲ್ಲವಾದರೆ ಇನ್ನೊಂದು ಸುತ್ತು ಬಿಗಿಯಬೇಕು. ಕಿವಿಯ ಹಿಂದೆ ಅಂಟಿಸುವ ಪಟ್ಟಿ ಸಿಗುತ್ತದಲ್ಲ, ಸಣ್ಣ ಓಲೆಗೆ ಸರಿ. ಮದುವೆಮನೆಯ ಬೆವರಿಗೆ ಅದು ನಿಲ್ಲುವುದಿಲ್ಲ.

ಗೀರಾದ ತೂತು ತಾನಾಗಿ ಕೂಡುತ್ತದೆಂದು ಕಾಯುವವರಿದ್ದಾರೆ. ಹುಡುಗಿಯದು ಒಂದೇ ದಿನದ ಊತ, ಸ್ವಲ್ಪ ಇಳಿಯಿತು. ಆದರೆ ವರ್ಷಗಟ್ಟಲೆ ಎಳೆದ ತೂತಿನ ಒಳಗೋಡೆಗೆಲ್ಲ ಚರ್ಮ ಬೆಳೆದಿರುತ್ತದೆ, ಚರ್ಮಕ್ಕೆ ಚರ್ಮ ಅಂಟದು. ನನ್ನ ಎಡಗಿವಿ ಹಾಗೇ ಆಗಿತ್ತು. ಡಾಕ್ಟರು ಮರಗಟ್ಟುವ ಸೂಜಿ ಕೊಟ್ಟು, ಆ ಒಳಚರ್ಮ ಕೆತ್ತಿ ತೆಗೆದು ಹೊಲಿದರು. ಒಂದು ವಾರಕ್ಕೆ ಹೊಲಿಗೆ ಬಿಚ್ಚಿದರು, ಮೂರು ತಿಂಗಳು ಬರಿಗಿವಿ. ಆಮೇಲೆ ಮತ್ತೆ ಚುಚ್ಚಿದ್ದು ಹೊಲಿಗೆಯ ಗೆರೆಯ ಮೇಲಲ್ಲ, ಒಂಚೂರು ಪಕ್ಕಕ್ಕೆ. ಗಾಯದ ಗುರುತು ಮೊದಲಿನ ಚರ್ಮದಷ್ಟು ಗಟ್ಟಿಯಿರುವುದಿಲ್ಲವಂತೆ. ಹಾಗಾಗಿ ನನ್ನ ಎರಡು ಓಲೆಗಳು ಇವತ್ತಿಗೂ ಸಮಕ್ಕೆ ಕೂರುವುದಿಲ್ಲ. ಫೋಟೋ ತೆಗೆಯುವಾಗ ನಾನು ತಲೆ ಕೊಂಚ ಓರೆ ಮಾಡುತ್ತೇನೆ.