ಕೂಗದವನ ಕಾರ್ಡು

ಶ್ರೀಮಂಗಲ–ಕುಟ್ಟ ರಸ್ತೆಯಲ್ಲಿ ತೋಟದ ಕಾರ್ಮಿಕರ ಜೀಪು ಮಗುಚಿದೆ ಎಂದುಕೊಳ್ಳಿ. ತರಬೇತಿಯಲ್ಲಿ ನರ್ಸಿಂಗ್ ವಿದ್ಯಾರ್ಥಿನಿಯ ಮುಂದೆ ಮೂವರು ಗಾಯಾಳುಗಳ ಮೂರು ಕಾರ್ಡು. ಮುಂಗೈ ಮುರಿದು ಕಿರುಚುತ್ತಿರುವ ಹೆಂಗಸು ಎದ್ದು ನಡೆಯಬಲ್ಲಳು, ಆದ್ದರಿಂದ ಹಸಿರು. ಎರಡನೆಯವನ ತೊಡೆಮೂಳೆ ಮುರಿದಿದೆ. ಉಸಿರು ನಿಮಿಷಕ್ಕೆ 22, ಮಣಿಕಟ್ಟಿನಲ್ಲಿ ನಾಡಿ ಸಿಗುತ್ತದೆ, ಹೇಳಿದ ಮಾತು ಕೇಳುತ್ತಾನೆ: ಹಳದಿ. ಮೂರನೆಯವನ ಮೈಮೇಲೆ ಗಾಯವೇ ಕಾಣದು, ಸುಮ್ಮನೆ ಒರಗಿದ್ದಾನೆ, ಉಸಿರು 34. ಅದು 30 ದಾಟಿದರೆ ಕೆಂಪು, ಮೊದಲ ಸರದಿ ಅವನದೇ.

1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ, ಗಾಯಾಳುಗಳ ಸರದಿ ಗೊತ್ತುಮಾಡುವ ‘ಸ್ಟಾರ್ಟ್’ ಕ್ರಮದ ಈ ಅಭ್ಯಾಸದಲ್ಲಿ ನನಗೆ ತುಂಬ ಹಿಡಿಸಿದ್ದು, ಕೂಗಿಗೆ ಓಗೊಡುವ ಮುನ್ನ ಎದೆಯ ಏರಿಳಿತ ಎಣಿಸಲು ಅದು ಕಲಿಸುವ ರೀತಿ. ಹತ್ತು ನಿಮಿಷದ ನಂತರ ಹಳದಿ ಕಾರ್ಡು ತಿರುವಿದರೆ ಮಣಿಕಟ್ಟಿನ ನಾಡಿ ಸಿಗುತ್ತಿಲ್ಲ. ತೊಡೆಯೊಳಗೇ ಲೀಟರಿಗೂ ಹೆಚ್ಚು ರಕ್ತ ಸೋರಬಹುದು; ಈಗ ಅವನೂ ಕೆಂಪು.