ತಟ್ಟೆಯ ಲೆಕ್ಕ ಸರಿ, ಡಬ್ಬಿಯ ಲೆಕ್ಕ ಅರೆಬರೆ

ಹದಿನಾರು ವರ್ಷದ ಮಗ ದಿನಕ್ಕೆ ಎರಡು ಸ್ಕೂಪ್ ಪ್ರೊಟೀನ್ ಪೌಡರ್ ಕುಡಿಯುತ್ತಾನೆಂದು ಗಾಬರಿಯಾದ ತಂದೆಗೆ ಮೈಸೂರಿನ ಆಹಾರತಜ್ಞೆಯೊಬ್ಬರು ಬರೆದ ಪತ್ರ ನಾಲ್ಕು ಪುಟಗಳದ್ದು. ಹುಡುಗ ಮೊದಲ ಪಿಯುಸಿ, ತೂಕ 58 ಕಿಲೋ, ಜಿಮ್‌ಗೆ ಸೇರಿ ಮೂರು ತಿಂಗಳು. ತಂದೆಯ ಪ್ರಶ್ನೆಗಳು ಮೂರು: ಕಿಡ್ನಿ ಹಾಳಾಗುತ್ತದೆಯೇ, ಬೆಳವಣಿಗೆ ನಿಂತುಹೋಗುತ್ತದೆಯೇ, ಇದು ಸ್ಟೀರಾಯ್ಡ್ ಅಲ್ಲವೇ? ಇಂಥ ಪ್ರಶ್ನೆಗಳಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡೇ ಬಗೆಯದು. ಒಂದು, ‘ಅದೆಲ್ಲ ವಿಷ, ಕಿತ್ತು ಬಿಸಾಡಿ’. ಇನ್ನೊಂದು, ‘ಬರೀ ಹಾಲಿನ ಪುಡಿ, ತಲೆ ಕೆಡಿಸಿಕೊಳ್ಳಬೇಡಿ’. ಈ ಪತ್ರ ಎರಡರಲ್ಲೂ ಸೇರುವುದಿಲ್ಲ. ಡಬ್ಬಿಯ ಮಾತು ಬರುವುದು ಮೂರನೆಯ ಪುಟದಲ್ಲಿ. ಮೊದಲೆರಡು ಪುಟ ಪೂರ್ತಿ ಹುಡುಗನ ತಟ್ಟೆಯ ಬಗ್ಗೆ. ಪತ್ರದ ಬೆಲೆ ಇರುವುದು ಈ ಕ್ರಮದಲ್ಲಿ. ಅದರ ಮುಖ್ಯ ಕೊರತೆ ಹುಟ್ಟಿರುವುದೂ ಅಲ್ಲೇ.

ಲೆಕ್ಕ ಹೀಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ 16ರಿಂದ 18 ವರ್ಷದ, ಸುಮಾರು 64 ಕಿಲೋ ತೂಗುವ ಹುಡುಗನಿಗೆ ದಿನಕ್ಕೆ 55 ಗ್ರಾಂ ಪ್ರೊಟೀನ್ ಸಾಕು. 58 ಕಿಲೋಗೆ ಅದು 50 ಗ್ರಾಂ ಆಸುಪಾಸು. ಭಾರ ಎತ್ತುವವರಿಗೆ ಇನ್ನಷ್ಟು ಬೇಕು, ಆದರೆ ಅದಕ್ಕೂ ಒಂದು ಮಿತಿಯಿದೆ. ಅದೇ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ, ತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ದಾಟಿದ ಮೇಲೆ ವ್ಯಾಯಾಮದಿಂದ ಬರುವ ಸ್ನಾಯುವಿನ ಲಾಭ ಹೆಚ್ಚುವುದಿಲ್ಲ ಎಂದಿದೆ. ಈ ಹುಡುಗನಿಗೆ ಆ ಮಿತಿ 93 ಗ್ರಾಂ. ಅಂದರೆ ಕೆಳಗೆ 50, ಮೇಲೆ 93. ಅವನು ನಿಂತಿರುವುದು ಇವೆರಡರ ನಡುವೆ ಎಲ್ಲಿ ಎಂಬುದಷ್ಟೇ ಪ್ರಶ್ನೆ.

ಅದನ್ನು ತಿಳಿಯಲು ಆಹಾರತಜ್ಞೆ ತಂದೆಯ ನೆನಪನ್ನು ನಂಬಿಲ್ಲ. ಮೂರು ದಿನ ಅಡುಗೆಮನೆಯಲ್ಲಿ ಅಳೆದು ಬರೆದಿಟ್ಟ ಪಟ್ಟಿ ತರಿಸಿಕೊಂಡಿದ್ದಾರೆ. ಬೆಳಗ್ಗೆ ನಾಲ್ಕು ಇಡ್ಲಿ, ಸ್ವಲ್ಪ ಸಾಂಬಾರು: 10 ಗ್ರಾಂ. ಒಂದು ದೊಡ್ಡ ಲೋಟ ಹಾಲು: 8. ಮಧ್ಯಾಹ್ನ ಅನ್ನ, ಬೇಳೆ ಸಾಂಬಾರು, ಮೊಸರು: 20. ಸಂಜೆ ಎರಡು ಬೇಯಿಸಿದ ಮೊಟ್ಟೆ: 13. ರಾತ್ರಿ ಮುದ್ದೆ, ಬಸ್ಸಾರು: 12. ಒಟ್ಟು 63 ಗ್ರಾಂ. ಪೌಡರಿಲ್ಲದೆಯೇ ಹುಡುಗ 50ನ್ನು ದಾಟಿದ್ದಾನೆ. ಎರಡು ಸ್ಕೂಪಿನ 48 ಗ್ರಾಂ ಸೇರಿದರೆ 111 ಆಗುತ್ತದೆ. ಮೇಲಿನ ಮಿತಿಗಿಂತ 18 ಗ್ರಾಂ ಹೆಚ್ಚು. ಆ ಹೆಚ್ಚುವರಿ ಸ್ನಾಯುವಾಗುವುದಿಲ್ಲ. ಅದರ ಸಾರಜನಕ ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ, ಉಳಿದ ಭಾಗ ಇಂಧನವಾಗಿ ಉರಿಯುತ್ತದೆ. ‘ನಿಮ್ಮ ಮಗ ಎರಡನೇ ಸ್ಕೂಪಿನ ಬಹುಪಾಲನ್ನು ದುಬಾರಿ ಸೌದೆಯಂತೆ ಉರಿಸುತ್ತಿದ್ದಾನೆ’ ಎಂಬುದು ಪತ್ರದ ಅತ್ಯುತ್ತಮ ವಾಕ್ಯ.

ಸಾಂಬಾರಿನ ಬಗ್ಗೆ ಪತ್ರದಲ್ಲಿ ಬರುವ ಒಂದು ಸಣ್ಣ ಗಮನಿಕೆಯೂ ಬರೆದವರ ಅನುಭವವನ್ನು ತೋರಿಸುತ್ತದೆ. ಪಾತ್ರೆಯಲ್ಲಿ ಬೇಳೆ ತಳ ಹಿಡಿದು, ಮೇಲೆ ತಿಳಿ ನಿಂತಿರುತ್ತದೆ. ಕಾಲೇಜಿಗೆ ಹೊರಟವನಿಗೆ ಅವಸರದಲ್ಲಿ ಮೇಲಿನಿಂದ ಬಡಿಸಿದರೆ ಸೌಟಿಗೆ ಒಂದೆರಡು ಗ್ರಾಂ ಪ್ರೊಟೀನೂ ಸಿಗುವುದಿಲ್ಲ. ಕದಡಿ ಬಡಿಸಿದರೆ ಅದರ ಎರಡು ಮೂರರಷ್ಟು ಸಿಗುತ್ತದೆ. ಪಟ್ಟಿಯಲ್ಲಿ ಎರಡೂ ‘ಒಂದು ಸೌಟು ಸಾಂಬಾರು’ ಎಂದೇ ದಾಖಲಾಗುತ್ತವೆ. ಮನೆಯೂಟದ ಲೆಕ್ಕ ಕೈಕೊಡುವುದು ಇಂಥ ಕಡೆ. ಆ ಎಚ್ಚರಿಕೆ ಪತ್ರದಲ್ಲಿ ಇದೆ.

ಇಷ್ಟು ಚೆನ್ನಾಗಿ ಪ್ರೊಟೀನ್ ಎಣಿಸಿದ ಪತ್ರ ಅದೇ ತಟ್ಟೆಯ ಕ್ಯಾಲೊರಿಯನ್ನು ಕೂಡಿಸಿಲ್ಲ ಎಂಬುದು ಆಶ್ಚರ್ಯ. ಕೂಡಿಸಿದ್ದರೆ ಚಿತ್ರವೇ ಬೇರೆಯಾಗುತ್ತಿತ್ತು. ಆ ಐದು ಹೊತ್ತಿನ ಆಹಾರ ಸೇರಿದರೆ ಬರುವುದು ಸುಮಾರು 1,900 ಕ್ಯಾಲೊರಿ. 2020ರ ಅದೇ ಪಟ್ಟಿ ಈ ವಯಸ್ಸಿನ ಹುಡುಗನಿಗೆ ಹೇಳುವುದು 3,320. ತೂಕಕ್ಕೆ ತಕ್ಕಂತೆ ಇಳಿಸಿದರೂ 3,000ದ ಹತ್ತಿರ. ಪ್ರೊಟೀನಿನಲ್ಲಿ ಕೊರತೆಯಿಲ್ಲದ ಹುಡುಗನಿಗೆ ಊಟದಲ್ಲಿ ಸಾವಿರ ಕ್ಯಾಲೊರಿಯಷ್ಟು ಕೊರತೆಯಿದೆ. ಪಟ್ಟಿಯಲ್ಲಿ ಬರೆಯದೆ ಬಿಟ್ಟ ಬನ್ನು, ಬಿಸ್ಕತ್ತು, ಕ್ಯಾಂಟೀನಿನ ಪಫ್ ಸೇರಿಸಿದರೂ ಆ ಅಂತರ ಪೂರ್ತಿ ತುಂಬುವುದು ಕಷ್ಟ. ದೇಹಕ್ಕೆ ಇಂಧನ ಸಾಲದೆ ಹೋದಾಗ ಅದು ಪ್ರೊಟೀನನ್ನೇ ಒಲೆಗೆ ಹಾಕುತ್ತದೆ. ಮೂರು ತಿಂಗಳಾದರೂ ‘ಬಾಡಿ ಬರ್ತಿಲ್ಲ’ ಎಂಬ ಹುಡುಗನ ದೂರಿಗೆ ಕಾರಣ ಇದೇ ಇರಬಹುದು. ಅವನು ಅದಕ್ಕೆ ಕಂಡುಕೊಂಡ ಮದ್ದು ಇನ್ನೊಂದು ಸ್ಕೂಪ್.

ಪೌಡರು ಊಟವನ್ನೇ ತಿಂದುಹಾಕುವ ಬಗೆಯೂ ಇಲ್ಲಿ ಕಾಣುತ್ತದೆ. ಜಿಮ್‌ನಿಂದ ರಾತ್ರಿ ಎಂಟಕ್ಕೆ ಬಂದವನು ಶೇಕರ್ ಅಲ್ಲಾಡಿಸಿ ಕುಡಿದರೆ ಹೊಟ್ಟೆ ತುಂಬಿದ ಹಾಗಾಗುತ್ತದೆ; ಒಂಬತ್ತಕ್ಕೆ ಮುದ್ದೆ ಅರ್ಧ ಉಳಿಯುತ್ತದೆ. ಇದನ್ನು ತಾಯಿ ಪಟ್ಟಿಯ ಅಂಚಿನಲ್ಲಿ ಬರೆದಿದ್ದರೆಂದು ಪತ್ರವೇ ಹೇಳುತ್ತದೆ, ಆದರೆ ಅಲ್ಲಿಗೇ ಬಿಡುತ್ತದೆ. ಅರ್ಧ ಊಟ ಎಂದರೆ ಸುಮಾರು 220 ಕ್ಯಾಲೊರಿ. ಎರಡು ಸ್ಕೂಪ್ ಕೊಡುವುದು 250. ಬಂದದ್ದಕ್ಕೂ ಹೋದದ್ದಕ್ಕೂ ಸರಿಹೋಯಿತು. ರಾಗಿಯ ಸುಣ್ಣದಂಶ ಮಾತ್ರ ತಟ್ಟೆಯಲ್ಲೇ ಉಳಿಯಿತು. ನೂರು ಗ್ರಾಂ ರಾಗಿಯಲ್ಲಿ ಅದು 350 ಮಿಲಿಗ್ರಾಂಗಿಂತ ಹೆಚ್ಚಿರುತ್ತದೆ. ಮೂಳೆ ಇನ್ನೂ ಗಟ್ಟಿಯಾಗುತ್ತಿರುವ ವಯಸ್ಸಿನಲ್ಲಿ ಅದು ಸಣ್ಣ ನಷ್ಟವಲ್ಲ.

ಬದಲಿಯಾಗಿ ಪತ್ರ ಸೂಚಿಸುವುದು ಇನ್ನೊಂದು ಲೋಟ ಹಾಲು, ಎರಡು ಹಿಡಿ ಕಡಲೆಕಾಯಿ, ಇನ್ನೊಂದು ಮೊಟ್ಟೆ, ಸಾಂಬಾರಿಗೆ ಇನ್ನಷ್ಟು ಬೇಳೆ. ಇವೆಲ್ಲ ಸೇರಿ 30 ಗ್ರಾಂ ಪ್ರೊಟೀನ್, ಅಂದರೆ ಒಟ್ಟು ಸರಿಯಾಗಿ 93. ಲೆಕ್ಕ ಅಚ್ಚುಕಟ್ಟಾಗಿದೆ, ಸಲಹೆಯೂ ಒಳ್ಳೆಯದೇ. ಆದರೆ ಅದು ಒಳ್ಳೆಯದಾಗಿರುವ ಮುಖ್ಯ ಕಾರಣ ಪತ್ರದ ಕಣ್ಣಿಗೆ ಬಿದ್ದಿಲ್ಲ: ಈ ನಾಲ್ಕು ಪದಾರ್ಥಗಳ ಜೊತೆ 500 ಕ್ಯಾಲೊರಿ ಬರುತ್ತದೆ, ಡಬ್ಬಿಯಿಂದ ಬರುವುದರ ಎರಡರಷ್ಟು. ಮಿಕ್ಕ 500ಕ್ಕೆ ಇನ್ನೊಂದು ಬಟ್ಟಲು ಅನ್ನ, ಎರಡು ಬಾಳೆಹಣ್ಣು, ಒಂದು ಚಮಚ ತುಪ್ಪ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಕಿಡ್ನಿಯ ಪ್ರಶ್ನೆಗೆ ಉತ್ತರ ಸಮತೂಕದ್ದು. ಆರೋಗ್ಯವಂತ ಕಿಡ್ನಿ ಈ ಪ್ರಮಾಣದ ಪ್ರೊಟೀನನ್ನು ನಿಭಾಯಿಸುತ್ತದೆ. ಮೊದಲೇ ಕಿಡ್ನಿ ತೊಂದರೆ ಇದ್ದವರ ಮಾತು ಬೇರೆ. ಎಡವಿರುವುದು ಆಮೇಲಿನ ಸಲಹೆಯಲ್ಲಿ. ‘ಸಮಾಧಾನಕ್ಕೆ’ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ಎಂದಿದೆ. ಕ್ರಿಯಾಟಿನಿನ್ ಸ್ನಾಯುವಿನಿಂದ ಬರುವ ವಸ್ತು. ಸ್ನಾಯು ಹೆಚ್ಚಿದ್ದರೆ, ಹಿಂದಿನ ರಾತ್ರಿ ಬಿರಿಯಾನಿಯಲ್ಲಿ ಮಾಂಸ ಜಾಸ್ತಿ ತಿಂದಿದ್ದರೆ, ಗುಟ್ಟಾಗಿ ಕ್ರಿಯಾಟಿನ್ ಪುಡಿ ನುಂಗುತ್ತಿದ್ದರೆ ಕಿಡ್ನಿ ಚೆನ್ನಾಗಿದ್ದರೂ ಅದು ಏರುತ್ತದೆ. ವರದಿಯಲ್ಲಿ ದಪ್ಪಕ್ಷರದ ಒಂದು ಸಂಖ್ಯೆ ಕಂಡ ತಂದೆಗೆ ಸಮಾಧಾನವಾಗುವುದಿಲ್ಲ, ನಿದ್ದೆ ಹೋಗುತ್ತದೆ. ಪರೀಕ್ಷೆ ಮಾಡಿಸಲೇಬೇಕಿದ್ದರೆ ಜೊತೆಗೆ ಮೂತ್ರದಲ್ಲಿ ಪ್ರೊಟೀನ್ ಸೋರುತ್ತಿದೆಯೇ ಎಂದು ನೋಡಬೇಕು, ರಕ್ತದೊತ್ತಡ ಅಳೆಯಬೇಕು, ಏನೇನು ತಿನ್ನುತ್ತಿದ್ದಾನೆಂದು ವೈದ್ಯರಿಗೆ ಮೊದಲೇ ಹೇಳಬೇಕು.

ಎತ್ತರದ ಭಯವನ್ನು ಪತ್ರ ಎರಡು ಸಾಲಿನಲ್ಲಿ ತಳ್ಳಿಹಾಕುತ್ತದೆ: ಪ್ರೊಟೀನಿನಿಂದ ಬೆಳವಣಿಗೆ ನಿಲ್ಲುವುದಿಲ್ಲ, ಇದು ಸ್ಟೀರಾಯ್ಡ್ ಅಲ್ಲ. ಎರಡೂ ನಿಜ. ಆದರೆ ತಂದೆಯ ಭಯ ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಸ್ನಾಯು ಬೆಳೆಸುವ ಸ್ಟೀರಾಯ್ಡ್‌ಗಳು ಹದಿಹರೆಯದಲ್ಲಿ ಮೂಳೆಯ ತುದಿಯ ಬೆಳವಣಿಗೆಯ ಪದರವನ್ನು ಬೇಗ ಮುಚ್ಚಿಬಿಡುತ್ತವೆ, ಎತ್ತರ ಅಲ್ಲಿಗೇ ನಿಲ್ಲುತ್ತದೆ. ಜಿಮ್‌ಗಳಲ್ಲಿ ಡಬ್ಬಿ ಮಾರುವ ಕೈಯೇ ಕೆಲವೊಮ್ಮೆ ಇದನ್ನೂ ಮಾರುತ್ತದೆ. ಹಾಗಾಗಿ ‘ಪೌಡರ್ ಅಲ್ಲದೆ ಇನ್ನೇನಾದರೂ, ಮಾತ್ರೆ, ಇಂಜೆಕ್ಷನ್?’ ಎಂಬ ಪ್ರಶ್ನೆ ಪತ್ರದಲ್ಲಿ ಇರಲೇಬೇಕಿತ್ತು.

ಮೂರನೆಯ ಪುಟ ಡಬ್ಬಿಯದು, ಅತ್ಯಂತ ದುರ್ಬಲವಾದದ್ದೂ ಅದೇ. ವೇ ಎಂದರೆ ಹಾಲು ಒಡೆದು ಪನೀರ್, ಚೀಸ್ ಮಾಡುವಾಗ ಉಳಿಯುವ ತಿಳಿನೀರನ್ನು ಸೋಸಿ ಒಣಗಿಸಿದ ಪುಡಿ ಎಂಬ ವಿವರಣೆ ಸರಳವಾಗಿ ಬಂದಿದೆ. ಅದಾದ ಮೇಲೆ ‘ಒಳ್ಳೆಯ ಕಂಪನಿಯದು ನೋಡಿ ಕೊಳ್ಳಿ’ ಎಂದು ಮುಗಿಸಲಾಗಿದೆ. ತಂದೆ ಅದನ್ನು ನೋಡುವುದು ಹೇಗೆ? 2024ರಲ್ಲಿ ಕೇರಳದ ವೈದ್ಯರೂ ಸೇರಿದ್ದ ತಂಡ ಭಾರತದಲ್ಲಿ ಮಾರಾಟವಾಗುವ 36 ಪೌಡರುಗಳನ್ನು ಪರೀಕ್ಷಿಸಿದಾಗ ಸುಮಾರು ಶೇಕಡಾ ಎಪ್ಪತ್ತು ಡಬ್ಬಿಗಳಲ್ಲಿ ಪ್ರೊಟೀನಿನ ವಿವರ ತಪ್ಪಾಗಿತ್ತು. ಕೆಲವದರಲ್ಲಿ ಇದ್ದದ್ದು ಹೇಳಿದ್ದರ ಅರ್ಧ. ಕೆಲವದರಲ್ಲಿ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಕೂಡ ಸಿಕ್ಕಿತು. ಈ ವಿಷಯ ಪತ್ರದಲ್ಲಿ ಬಂದಿದ್ದರೆ ಆ 48 ಗ್ರಾಂ ಎಂಬ ಸಂಖ್ಯೆಯೇ ನಂಬಿಕೆಯ ಮೇಲೆ ನಿಂತದ್ದು ಎಂದು ತಂದೆಗೆ ತಿಳಿಯುತ್ತಿತ್ತು.

ಮೋಸದ ಬಗೆಯೂ ಸ್ವಾರಸ್ಯಕರ. ಪ್ರಯೋಗಾಲಯದ ಸಾಮಾನ್ಯ ಪರೀಕ್ಷೆ ಪ್ರೊಟೀನನ್ನು ನೇರವಾಗಿ ಅಳೆಯುವುದಿಲ್ಲ. ಅದು ಸಾರಜನಕವನ್ನು ಅಳೆದು ಸುಮಾರು 6.25ರಿಂದ ಗುಣಿಸುತ್ತದೆ. ಗ್ಲೈಸಿನ್ ಎಂಬ ಅಗ್ಗದ ಅಮೈನೋ ಆಮ್ಲದಲ್ಲಿ ಸಾರಜನಕ ಜಾಸ್ತಿ. ಅದನ್ನು ಹತ್ತು ಗ್ರಾಂ ಬೆರೆಸಿದರೆ ಪರೀಕ್ಷೆಯಲ್ಲಿ ಹನ್ನೊಂದೂವರೆ ಗ್ರಾಂಗಿಂತ ಹೆಚ್ಚು ‘ಪ್ರೊಟೀನ್’ ಎಂದು ಬರುತ್ತದೆ. ಸ್ನಾಯು ಕಟ್ಟುವುದಕ್ಕೆ ಬೇಕಾದ ಲ್ಯೂಸಿನ್ ಅದರಲ್ಲಿ ಇರುವುದೇ ಇಲ್ಲ. ಆದ್ದರಿಂದ ಪದಾರ್ಥಗಳ ಪಟ್ಟಿಯಲ್ಲಿ ಗ್ಲೈಸಿನ್, ಟಾರಿನ್ ಎಂದು ಬಿಡಿಯಾಗಿ ಬರೆದಿದ್ದರೆ, ಅಥವಾ ಅಳತೆ ಕೊಡದೆ ‘ಬ್ಲೆಂಡ್’ ಎಂದಷ್ಟೇ ಇದ್ದರೆ ಅನುಮಾನಿಸಬೇಕು. ಇನ್ನೊಂದು ಗುರುತು ಬರೀ ಭಾಗಾಕಾರ: 33 ಗ್ರಾಂ ಸ್ಕೂಪಿನಲ್ಲಿ 24 ಗ್ರಾಂ ಇದ್ದರೆ ಅದು ಸಾಧಾರಣ ವೇ. ನೂರು ಗ್ರಾಂ ಪುಡಿಯಲ್ಲಿ 15 ಗ್ರಾಂ ಮಾತ್ರ ಇದ್ದರೆ ಅದು ‘ಮಾಸ್ ಗೇನರ್’, ಅಂದರೆ ಬಹುಪಾಲು ಮಾಲ್ಟೋಡೆಕ್ಸ್ಟ್ರಿನ್ ಎಂಬ ಸಕ್ಕರೆಯ ಸಮೀಪದ ಪಿಷ್ಟ. ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು ಎಂದು ಪತ್ರ ಹೇಳುತ್ತದೆ. ಇರಲೇಬೇಕು, ಆದರೆ ಅದು ತಯಾರಕರಿಗೆ ಸಿಕ್ಕ ಪರವಾನಗಿಯೇ ಹೊರತು ಆ ಡಬ್ಬಿಯ ಪುಡಿಯನ್ನು ಯಾರೋ ಪರೀಕ್ಷಿಸಿದ್ದಾರೆ ಎಂಬುದಕ್ಕೆ ಸಾಕ್ಷಿಯಲ್ಲ.

ಕೊನೆಯ ಪುಟದ ಧಾಟಿ ಬೇರೆ. ಡಬ್ಬಿಯನ್ನು ಕಿತ್ತುಕೊಳ್ಳಬೇಡಿ, ಮುಗಿಯುವವರೆಗೆ ದಿನಕ್ಕೆ ಒಂದೇ ಸ್ಕೂಪ್, ಅದೂ ರಾತ್ರಿ ಊಟಕ್ಕೆ ಮುಂಚೆ ಬೇಡ, ಬೆಳಗ್ಗೆ ಇರಲಿ ಎನ್ನುತ್ತದೆ. ಹೊಟ್ಟೆ ಉಬ್ಬರ, ಬೆನ್ನ ಮೇಲೆ ಮೊಡವೆ ಕಂಡರೆ ಅದನ್ನೂ ನಿಲ್ಲಿಸಬೇಕು. ವೇಯಲ್ಲಿ ಉಳಿಯುವ ಲ್ಯಾಕ್ಟೋಸ್ ಮೊದಲನೆಯದಕ್ಕೆ ಸಾಮಾನ್ಯ ಕಾರಣ. ರಾತ್ರಿಯ ಊಟವನ್ನು ಕಾಪಾಡುವ ಈ ಒಂದು ಬದಲಾವಣೆಯಿಂದ ಎರಡನೆಯ ಪುಟದ ಕೊರತೆ ಸ್ವಲ್ಪ ಮಟ್ಟಿಗೆ ತುಂಬುತ್ತದೆ. ಕಡೆಯ ಪ್ಯಾರಾವನ್ನು ಮಗನಿಗೇ ಓದಲು ಕೊಡಿ ಎಂದು ತಂದೆಗೆ ಬರೆದು, ಅಲ್ಲಿಂದ ಮುಂದೆ ‘ನೀನು’ ಎಂದು ಹುಡುಗನನ್ನೇ ಕೇಳಲಾಗಿದೆ: ಡಬ್ಬಿ ಎಲ್ಲಿ ಕೊಂಡೆ, ಯಾರು ಹೇಳಿದರು, ಕನ್ನಡಿಯ ಮುಂದೆ ದಿನಕ್ಕೆ ಎಷ್ಟು ಹೊತ್ತು ನಿಲ್ಲುತ್ತೀಯೆ? ಸಾಕಷ್ಟು ಮೈಕಟ್ಟಿದ್ದರೂ ತಾನು ಸಣಕಲನೆಂದೇ ನಂಬುವ ತೊಂದರೆಯೊಂದಿದೆ. 1990ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು ಅದನ್ನು ಗುರುತಿಸಿ ಹೆಸರಿಟ್ಟರು. ಆಹಾರತಜ್ಞೆ ಆ ಹೆಸರನ್ನು ಎತ್ತದೆ ಅದರ ಪ್ರಶ್ನೆಯನ್ನಷ್ಟೇ ಕೇಳಿದ್ದಾರೆ. ಉತ್ತರ ಬರೆಯಲು ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದಾರೆ.