ಮೂರನೆಯ ವರ್ಷದ ತಿರುವು

ಮುಂದೂಡಿದ ತೆರಿಗೆಯ ಲೆಕ್ಕಗಳಲ್ಲಿ ನನಗೆ ವಿಶೇಷ ಪ್ರೀತಿಯಿರುವುದು ಸವಕಳಿಯಿಂದ ಹುಟ್ಟುವ ಲೆಕ್ಕಗಳ ಮೇಲೆ. ಒಂದೇ ಯಂತ್ರದ ಒಂದೇ ಬೆಲೆಯನ್ನು ಕಂಪನಿಯ ಪುಸ್ತಕವು ಒಂದು ಗತಿಯಲ್ಲಿಯೂ ತೆರಿಗೆಯ ಕಾನೂನು ಮತ್ತೊಂದು ಗತಿಯಲ್ಲಿಯೂ ಕರಗಿಸುತ್ತಿರಲು, ಆ ಎರಡರ ಅಂತರವು ಮೊದಲು ಬೆಳೆದು ಅನಂತರ ಕ್ಷಯಿಸುವ ಕ್ರಮವನ್ನು ಅಂಕಿಗಳಲ್ಲಿ ಕಣ್ಣಾರೆ ಕಾಣಬಹುದು.

ಒಂದು ಕಂಪನಿಯು ವರ್ಷಾರಂಭದಲ್ಲಿಯೇ 12,00,000 ರೂಪಾಯಿಗೆ ಸರ್ವರ್‌ಗಳನ್ನು ಕೊಂಡಿತೆನ್ನೋಣ. 2013ರ ಕಂಪನಿ ಕಾಯಿದೆಯ ಎರಡನೆಯ ಅನುಸೂಚಿಯು ಸರ್ವರ್‌ಗೆ ಆರು ವರ್ಷಗಳ ಆಯುಸ್ಸನ್ನು ಹೇಳುವುದರಿಂದ, ಉಳಿಕೆ ಬೆಲೆಯನ್ನು ಸೊನ್ನೆಯೆಂದು ಹಿಡಿದರೆ, ಸ್ಥಿರ ಕಂತಿನ ಪದ್ಧತಿಯಲ್ಲಿ ಪುಸ್ತಕದ ಸವಕಳಿ ಪ್ರತಿವರ್ಷ 2,00,000. ಆದಾಯ ತೆರಿಗೆಯ ನಿಯಮವಾದರೋ ಕಂಪ್ಯೂಟರುಗಳಿಗೆ ಇಳಿಮುಖ ಶೇಷದ ಮೇಲೆ ಶೇ. 40ರಂತೆ ಕೊಡುತ್ತದೆ, ಆದುದರಿಂದ ಅಲ್ಲಿ ಮೊದಲ ವರ್ಷ 4,80,000, ಎರಡನೆಯ ವರ್ಷ 2,88,000, ಮೂರನೆಯ ವರ್ಷ 1,72,800.

ಸವಕಳಿಗೆ ಮುಂಚಿನ ಲಾಭವು ಪ್ರತಿವರ್ಷ 8,00,000, ತೆರಿಗೆಯ ದರ ಶೇ. 30 ಎಂದಿರಲಿ. ಮೊದಲ ವರ್ಷ ಪುಸ್ತಕದ ಲಾಭ 6,00,000 ಆದರೆ ತೆರಿಗೆಗೆ ಒಳಪಡುವ ಲಾಭ 3,20,000 ಮಾತ್ರ. ಈಗ ಕಟ್ಟಬೇಕಾದ ತೆರಿಗೆ 96,000. ಉಳಿದ 2,80,000ದ ಮೇಲಿನ 84,000 ರೂಪಾಯಿಯು ಮನ್ನಾ ಆದುದಲ್ಲ, ಮುಂದಕ್ಕೆ ಸರಿದುದು. ಅದನ್ನು ಹೊಣೆಯ ಕಡೆಗೆ ಬರೆದಾಗ ಒಟ್ಟು ತೆರಿಗೆಯ ವೆಚ್ಚ 1,80,000 ಆಗಿ, ಪುಸ್ತಕದ ಲಾಭದ ಶೇ. 30ಕ್ಕೆ ಸರಿಯಾಗಿ ಕೂಡಿಬರುತ್ತದೆ. ದರ ಬದಲಾಗದೆ, ತೆರಿಗೆಯವರು ಎಂದೆಂದಿಗೂ ಒಪ್ಪದ ವೆಚ್ಚಗಳು ಇಲ್ಲದೆ ಇರುವಾಗ, ಉತ್ತರವನ್ನು ಪರೀಕ್ಷಿಸುವುದಕ್ಕೆ ಇದಕ್ಕಿಂತ ಉತ್ತಮವಾದ ಒರೆಗಲ್ಲಿಲ್ಲ.

ಎರಡನೆಯ ವರ್ಷಾಂತ್ಯಕ್ಕೆ ಪುಸ್ತಕದಲ್ಲಿ ಉಳಿದ ಬೆಲೆ 8,00,000, ತೆರಿಗೆಯ ಲೆಕ್ಕದಲ್ಲಿ 4,32,000. ಅಂತರ 3,68,000, ಹೊಣೆ 1,10,400. ಮೂರನೆಯ ವರ್ಷ ಪುಸ್ತಕದ ಸವಕಳಿಯು ತೆರಿಗೆಯ ಸವಕಳಿಯನ್ನು ಮೀರಿ, 27,200ರಷ್ಟು ಅಂತರವು ಹಿಂದೆ ಸರಿಯತೊಡಗುತ್ತದೆ. ಪರೀಕ್ಷೆಯ ಪ್ರಶ್ನೆಯನ್ನು ರಚಿಸುವವರು ಸಾಮಾನ್ಯವಾಗಿ ಈ ವರ್ಷದಲ್ಲಿಯೇ ದರವನ್ನೂ ಬದಲಿಸುತ್ತಾರೆ, ಅದು ಶೇ. 25ಕ್ಕೆ ಇಳಿಯಿತೆನ್ನೋಣ. ಆಗ ಅನೇಕರು 27,200ಕ್ಕೆ ಶೇ. 25ರಂತೆ 6,800ನ್ನು ಹಿಂದಿನ ಹೊಣೆಯಿಂದ ಕಳೆದು, 1,03,600 ಎಂದು ಬರೆದು ಮುಂದೆ ಹೋಗುತ್ತಾರೆ. ಈ ಉತ್ತರವು ತಪ್ಪು. ನಾಳೆ ಕಟ್ಟಬೇಕಾದ ತೆರಿಗೆಯನ್ನೆಲ್ಲ ಹೊಸ ದರದಲ್ಲಿಯೇ ಕಟ್ಟಬೇಕಾಗಿರುವಾಗ, ಹಳೆಯ ಅಂತರವನ್ನು ಮಾತ್ರ ಹಳೆಯ ದರದಲ್ಲಿ ಉಳಿಸಿಕೊಳ್ಳುವುದು ಹೇಗೆ? ಅಢಾವೆ ಪತ್ರಿಕೆಯ ದಿನಾಂಕದಂದು ಜಾರಿಯಲ್ಲಿರುವ, ಅಥವಾ ಜಾರಿಯಾದಂತೆಯೇ ಭಾವಿಸಬಹುದಾದ ದರದಿಂದಲೇ ಪೂರ್ಣ ಶೇಷವನ್ನು ಅಳೆಯಬೇಕೆಂದು ಲೆಕ್ಕಪತ್ರ ಮಾನದಂಡ 22 ವಿಧಿಸುತ್ತದೆ.

ಆದಕಾರಣ ಎರಡು ಉಳಿಕೆ ಬೆಲೆಗಳಿಂದಲೇ ಹೊರಡಬೇಕು. ಪುಸ್ತಕದಲ್ಲಿ 6,00,000, ತೆರಿಗೆಯಲ್ಲಿ 2,59,200. ಅಂತರ 3,40,800, ಅದರ ಶೇ. 25 ಎಂದರೆ 85,200. ಹಿಂದಿನ 1,10,400ರಿಂದ ಇಲ್ಲಿಗೆ ಇಳಿದ 25,200 ರೂಪಾಯಿಯು ಲಾಭ-ನಷ್ಟ ಖಾತೆಗೆ ಜಮೆಯಾಗತಕ್ಕದ್ದು. ಇದರಲ್ಲಿ 6,800 ಅಂತರವು ಕರಗಿದ ಫಲ. ಮಿಕ್ಕ 18,400, ಹಳೆಯ 3,68,000ದ ಮೇಲೆ ಶೇ. 5ರಷ್ಟು ದರ ತಗ್ಗಿದ ಫಲ. ಆ ವರ್ಷದ ತೆರಿಗೆ 1,56,800ರಿಂದ 25,200 ಕಳೆದರೆ ಒಟ್ಟು ವೆಚ್ಚ 1,31,600. ಪುಸ್ತಕದ ಲಾಭದ ಶೇ. 25 ಆದ 1,50,000ಕ್ಕೆ ಅದು ಕೂಡದೆ, ನಿಖರವಾಗಿ 18,400ರಷ್ಟು ಕಡಿಮೆ ಬೀಳುತ್ತದೆ. ಒರೆಗಲ್ಲು ಇಲ್ಲಿ ವಿಫಲವಾಗಲಿಲ್ಲ, ವ್ಯತ್ಯಾಸದ ಕಾರಣವನ್ನೇ ಬೆರಳಿಟ್ಟು ತೋರಿಸಿತು.

ಇದು ಪರೀಕ್ಷೆಗಾಗಿ ಕಲ್ಪಿಸಿದ ಸನ್ನಿವೇಶವೆಂದು ಯಾರೂ ತಿಳಿಯಬಾರದು. 2019ರ ಸೆಪ್ಟೆಂಬರಿನಲ್ಲಿ ಸರ್ಕಾರವು ಸುಗ್ರೀವಾಜ್ಞೆಯ ಮೂಲಕ, ವಿನಾಯಿತಿಗಳನ್ನು ಬಿಟ್ಟುಕೊಡಲು ಒಪ್ಪಿದ ಕಂಪನಿಗಳಿಗೆ ಶೇ. 22ರ ದರವನ್ನು ಕೊಟ್ಟಾಗ (ಸರ್‌ಚಾರ್ಜ್ ಮತ್ತು ಸೆಸ್ ಕೂಡಿ ಅದು ಶೇ. 25.168), ಅದನ್ನು ಆಯ್ದುಕೊಂಡ ಕಂಪನಿಗಳು ತಮ್ಮ ಹಳೆಯ ಶೇಷಗಳನ್ನು ಹೀಗೆಯೇ ಮರು ಅಳೆಯಬೇಕಾಯಿತು. ಮುಂದೂಡಿದ ತೆರಿಗೆ ಹೊಣೆಯಾಗಿದ್ದವರ ಲಾಭ ಹೆಚ್ಚಿತು; ಆಸ್ತಿಯಾಗಿದ್ದವರಿಗೆ ದರ ಇಳಿದುದೇ ಆ ವರ್ಷದ ವೆಚ್ಚವಾಯಿತು.

ಇನ್ನು ಆರನೆಯ ವರ್ಷವನ್ನು ಓದುಗರು ತಾವೇ ಮಾಡಿ ನೋಡಲಿ. ಐದನೆಯ ವರ್ಷಾಂತ್ಯದ ಅಂತರ 1,06,688, ಹೊಣೆ 26,672. ಆರನೆಯ ವರ್ಷದ ಕೊನೆಗೆ ಪುಸ್ತಕದಲ್ಲಿ ಸರ್ವರ್‌ಗಳ ಬೆಲೆ ಸೊನ್ನೆಯಾದರೂ ತೆರಿಗೆಯ ಲೆಕ್ಕದಲ್ಲಿ ಸುಮಾರು 55,987 ಉಳಿದಿರುತ್ತದೆ. ಹೊಣೆಯು ಪೂರ್ತಿ ತೀರಿ, ಸುಮಾರು 13,997ರ ಆಸ್ತಿ ಹುಟ್ಟುತ್ತದೆ. ಆದರೆ ಮುಂದೆ ಅದನ್ನು ಬಳಸಿಕೊಳ್ಳುವಷ್ಟು ಲಾಭ ಬಂದೇ ಬರುವುದೆಂಬ ಯುಕ್ತವಾದ ನಿಶ್ಚಯವಿದ್ದರೆ ಮಾತ್ರ ಅದನ್ನು ಪುಸ್ತಕದಲ್ಲಿ ಬರೆಯತಕ್ಕದ್ದು.